ಚಾಟ್ ಬ್ಯಾಕಪ್‌ನ ಬೀಗದ ಕೈ ಊರಿನ ಸಿಮ್‌ನಲ್ಲಿದೆ

ಊರು ಬಿಟ್ಟು ಬಂದ ನಮ್ಮಂಥವರ ಬಳಿ ಎರಡು ನಂಬರು ಇರುವುದು ಸಾಮಾನ್ಯ. ಕಚೇರಿ, ಬ್ಯಾಂಕು, ಗ್ಯಾಸ್ ಬುಕಿಂಗ್‌ಗೆ ಇಲ್ಲಿಯ ನಂಬರು. ವಾಟ್ಸ್‌ಆ್ಯಪ್‌ಗೆ ಮಾತ್ರ ಕಾಲೇಜಿನಲ್ಲಿದ್ದಾಗ ತೆಗೆದುಕೊಂಡ ಊರಿನ ನಂಬರು. ಮನೆಯವರು, ಬಳಗದವರು, ಹಳೆಯ ಗೆಳೆಯರು ಎಲ್ಲರ ಬಳಿ ಇರುವುದು ಅದೇ. ಅದರ ಸಿಮ್ ಫೋನಿನಲ್ಲಿ ಇರುತ್ತದೆಯೇ ಎಂದು ಕೇಳಿದರೆ ಹಲವರು ಮೇಜಿನ ಡ್ರಾಯರ್ ಕಡೆ ನೋಡುತ್ತಾರೆ. ಒಮ್ಮೆ ಒಟಿಪಿ ಕೊಟ್ಟು ಒಳಗೆ ಹೋದರೆ ಆಮೇಲೆ ಸಿಮ್ ಎಲ್ಲಿದ್ದರೂ ವಾಟ್ಸ್‌ಆ್ಯಪ್ ನಡೆಯುತ್ತದೆ ಎಂಬುದು ನಮ್ಮೆಲ್ಲರ ಅನುಭವ. ಹಾಗಾಗಿ ರೀಚಾರ್ಜ್ ನೆನಪಾಗುವುದಿಲ್ಲ.

ಗೂಗಲ್ ಸೇವೆಗಳಿಲ್ಲದ ಫೋನುಗಳ ಬಗ್ಗೆ ಬರೆಯಲು ಕೂತು ಸಿಮ್ ಕಥೆ ಏಕೆ ಎನ್ನಬಹುದು. ಇಂಥ ಫೋನಿನಲ್ಲಿ ಚಾಟ್‌ಗಳು ಉಳಿಯುತ್ತವೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಬಿಡಿಸುತ್ತ ಹೋದರೆ ಕೊನೆಗೆ ನಿಲ್ಲುವುದು ಆ ಡ್ರಾಯರ್ ಹತ್ತಿರವೇ. ಕಾರಣವನ್ನು ಮುಂದೆ ಹೇಳುತ್ತೇನೆ.

ಗೂಗಲ್ ಇಲ್ಲದ ಆಂಡ್ರಾಯ್ಡ್ ಎಂದರೆ ಎರಡು ಬಗೆ. ಒಂದು, ಅಂಗಡಿಯಿಂದಲೇ ಹಾಗೆ ಬಂದದ್ದು. 2019ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಹುವಾವೇ ಕಂಪನಿಯನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ಆ ಮೇಲೆ ಬಂದ ಅದರ ಹೊಸ ಮಾದರಿಗಳಿಗೆ ಗೂಗಲ್ ಸೇವೆಗಳು ಸಿಗಲಿಲ್ಲ. ಆಗ ಅದೇ ಬಳಗದಲ್ಲಿದ್ದ ಹಾನರ್‌ನ 9ಎಕ್ಸ್ ಪ್ರೊ 2020ರಲ್ಲಿ ನಮ್ಮಲ್ಲೂ ಹಾಗೆಯೇ ಮಾರಾಟಕ್ಕೆ ಬಂತು. ಇನ್ನೊಂದು, ನಾವೇ ಮಾಡಿಕೊಂಡದ್ದು. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೆಯ ಫೋನಿಗೆ ಲಿನಿಯೇಜ್‌ಓಎಸ್ ಹಾಕಿದರೆ ಅದರಲ್ಲಿ ಗೂಗಲ್ ಇರುವುದಿಲ್ಲ. ಬೇಕಾದವರು ಬೇರೆ ಪ್ಯಾಕೇಜ್ ತಂದು ಸೇರಿಸಿಕೊಳ್ಳಬೇಕು. ಪಿಕ್ಸೆಲ್ ಫೋನುಗಳಿಗೆ ಗ್ರಾಫೀನ್‌ಓಎಸ್ ಇದೆ. ನನ್ನ ಬಳಿ ಸಹಾಯ ಕೇಳಿ ಬರುವವರು ಹೆಚ್ಚಾಗಿ ಎರಡನೆಯ ಬಗೆಯವರು. ಚೆನ್ನಾಗಿರುವ ಫೋನನ್ನು ಬಿಸಾಡಲು ಮನಸ್ಸಾಗದವರು.

ಇವರಿಗೆ ವಾಟ್ಸ್‌ಆ್ಯಪ್ ಸಿಗುವುದು ಕಷ್ಟವಲ್ಲ. ವಾಟ್ಸ್‌ಆ್ಯಪ್‌ನ ಸ್ವಂತ ವೆಬ್‌ಸೈಟಿನಿಂದಲೇ ಆ್ಯಪ್ ಇಳಿಸಿಕೊಳ್ಳಬಹುದು. ಸಂದೇಶವೂ ಬರುತ್ತದೆ, ಕರೆಯೂ ಆಗುತ್ತದೆ. ತೊಡಕು ಬರುವುದು ಬ್ಯಾಕಪ್ ಪುಟ ತೆರೆದಾಗ. ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್‌ಗೆ ಗೊತ್ತಿರುವ ಕ್ಲೌಡ್ ಒಂದೇ, ಗೂಗಲ್ ಖಾತೆ. ಐಫೋನಿನಲ್ಲಿ ಐಕ್ಲೌಡ್. ಮೂರನೆಯ ಆಯ್ಕೆ ಇಲ್ಲ. ನೀವು ದುಡ್ಡು ಕೊಟ್ಟು ಬೇರೆ ಕಡೆ ಜಾಗ ಕೊಂಡಿದ್ದರೂ ಅಲ್ಲಿಗೆ ಇಡು ಎಂದು ಹೇಳಲು ಬಾಗಿಲೇ ಇಲ್ಲ. ಮೈಕ್ರೊಜಿಯಂಥ ಬದಲಿ ವ್ಯವಸ್ಥೆ ಹಾಕಿಕೊಂಡವರು ನೋಟಿಫಿಕೇಶನ್ ಮಟ್ಟಿಗೆ ನೆಮ್ಮದಿಯಾಗಿರಬಹುದು, ಬ್ಯಾಕಪ್‌ಗೆ ಅದನ್ನು ನಂಬಿ ಕೂರಬೇಡಿ.

ಇದು ಹುವಾವೇಯವರ, ಲಿನಿಯೇಜ್‌ನವರ ಪಾಡು ಎಂದು ಉಳಿದವರು ಪುಟ ತಿರುವಬೇಕಾಗಿಲ್ಲ. ಮೊದಲೆಲ್ಲ ವಾಟ್ಸ್‌ಆ್ಯಪ್ ಬ್ಯಾಕಪ್ ಗೂಗಲ್‌ನ ಉಚಿತ 15 ಜಿಬಿ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 2024ರಿಂದ ಸೇರುತ್ತಿದೆ. ಜಿಮೇಲ್, ಫೋಟೊ ಎಲ್ಲ ತುಂಬಿಸಿಕೊಂಡವರ ಬ್ಯಾಕಪ್ ಎಷ್ಟೋ ತಿಂಗಳಿಂದ ನಿಂತೇ ಹೋಗಿರುತ್ತದೆ. ಗೂಗಲ್ ಇದ್ದೂ ಇಲ್ಲದವರು ಅವರು. ಕೆಳಗಿನದು ಅವರಿಗೂ ಅನ್ವಯಿಸುತ್ತದೆ.

ಡ್ರೈವ್ ಇಲ್ಲದಿದ್ದರೆ ಬ್ಯಾಕಪ್ಪೇ ಇಲ್ಲ ಎಂದು ತಿಳಿದವರು ಬಹಳ. ಅದು ಸರಿಯಲ್ಲ. ವಾಟ್ಸ್‌ಆ್ಯಪ್ ಪ್ರತಿ ರಾತ್ರಿ 2 ಗಂಟೆಯ ಹೊತ್ತಿಗೆ ಫೋನಿನೊಳಗೇ ಒಂದು ನಕಲು ಮಾಡಿಡುತ್ತದೆ. ಗೂಗಲ್ ಇರಲಿ, ಬಿಡಲಿ, ಅದು ತನ್ನ ಪಾಡಿಗೆ ನಡೆಯುತ್ತದೆ. ಹಿಂದಿನ 7 ದಿನಗಳವರೆಗಿನ ನಕಲುಗಳು ಇರುತ್ತವೆ. ಈಗಿನ ಫೋನುಗಳಲ್ಲಿ ಅದರ ಜಾಗ ಇದು:

```
Android/media/com.whatsapp/WhatsApp/Databases
```

ಯಾವುದೇ ಫೈಲ್ ಮ್ಯಾನೇಜರ್‌ನಲ್ಲಿ ತೆರೆದು ನೋಡಿ. `msgstore.db.crypt14` ಅಥವಾ `msgstore.db.crypt15` ಎಂಬ ಫೈಲು ಕಾಣುತ್ತದೆ. ಅದೇ ಇತ್ತೀಚಿನದು. ಹೆಸರಿನಲ್ಲಿ ತಾರೀಖು ಇರುವವು ಹಿಂದಿನ ದಿನಗಳವು. `increment` ಎಂಬ ಪದವಿರುವ ಸಣ್ಣ ಫೈಲುಗಳೂ ಇರಬಹುದು. ಪೂರ್ತಿ ನಕಲಿನ ನಂತರ ಸೇರಿದ್ದನ್ನು ಮಾತ್ರ ಇಟ್ಟುಕೊಂಡಿರುವ ತುಣುಕುಗಳು ಅವು. ದೊಡ್ಡ ಫೈಲ್ ಒಂದನ್ನೇ ಎತ್ತಿಕೊಂಡು ಹೋಗದೆ ಇಡೀ ಫೋಲ್ಡರನ್ನೇ ನಕಲು ಮಾಡಬೇಕು ಎನ್ನುವುದು ಇದಕ್ಕಾಗಿ.

ಈ ಡೇಟಾಬೇಸ್‌ನಲ್ಲಿ ಇರುವುದು ಬರಹ ಮಾತ್ರ. ಯಾರು, ಯಾವಾಗ, ಏನು ಬರೆದರು ಎಂಬುದು. ಫೋಟೊ, ವಿಡಿಯೊ, ಧ್ವನಿ ಸಂದೇಶ ಪಕ್ಕದ `Media` ಫೋಲ್ಡರಿನಲ್ಲಿ ಬೇರೆಯಾಗಿ ಇರುತ್ತವೆ. ಇವೆರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಡೇಟಾಬೇಸಿಗೆ ಬೀಗ ಹಾಕಿದೆ, `crypt` ಎಂಬುದರ ಅರ್ಥ ಅದೇ. ಮೀಡಿಯಾಗೆ ಬೀಗವಿಲ್ಲ. `WhatsApp Voice Notes` ಫೋಲ್ಡರಿನೊಳಗೆ ವಾರಕ್ಕೊಂದರಂತೆ ಉಪಫೋಲ್ಡರುಗಳು, ಅವುಗಳೊಳಗೆ `PTT-20240808-WA0003.opus` ಎಂಬಂಥ ಹೆಸರಿನ ಧ್ವನಿಗಳು. ಆ ಎಂಟು ಅಂಕಿ ತಾರೀಖು. ಲ್ಯಾಪ್‌ಟಾಪಿಗೆ ಹಾಕಿಕೊಂಡು ವಿಎಲ್‌ಸಿಯಲ್ಲಿ ಒತ್ತಿದರೆ ಮಾತು ಕೇಳುತ್ತದೆ. ಚಾಟ್ ಪೂರ್ತಿ ಕಳೆದುಹೋದ ಮೇಲೂ ತೀರಿಹೋದವರ ದನಿ ಈ ಫೋಲ್ಡರಿನಲ್ಲಿ ಹಾಗೇ ಕೂತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಹೋಗುವುದು ಅದರ ಹಿಂದುಮುಂದಿನ ಸಂದರ್ಭ. ಯಾರು ಕಳಿಸಿದ್ದು, ಯಾವ ಮಾತಿಗೆ ಉತ್ತರ ಎಂಬುದು ಡೇಟಾಬೇಸಿನೊಂದಿಗೆ ಹೋಗುತ್ತದೆ.

ಇನ್ನು ಬೀಗದ ಕೈ. ಸಾಮಾನ್ಯ ಬ್ಯಾಕಪ್‌ನಲ್ಲಿ ಬೀಗದ ಕೈಯ ಒಂದು ಪ್ರತಿ ಆ್ಯಪ್‌ನ ಒಳಗಿನ ಜಾಗದಲ್ಲಿರುತ್ತದೆ. ರೂಟ್ ಮಾಡದ ಫೋನಿನಲ್ಲಿ ನಮ್ಮ ಕೈಗೆ ಅದು ಎಟುಕುವುದಿಲ್ಲ. ಹೊಸ ಫೋನಿಗೆ ಹೋದಾಗ ನೀವು ಅದೇ ನಂಬರು ಹಾಕಿ ಒಟಿಪಿ ಕೊಟ್ಟ ಮೇಲೆ ವಾಟ್ಸ್‌ಆ್ಯಪ್‌ನ ಸರ್ವರ್ ಆ ಕೈಯನ್ನು ಮತ್ತೆ ಕೊಡುತ್ತದೆ. ಅಂದರೆ ಫೈಲು ನಿಮ್ಮ ಪೆನ್‌ಡ್ರೈವ್‌ನಲ್ಲಿ ಭದ್ರವಾಗಿದ್ದರೂ ಅದನ್ನು ತೆರೆಯುವುದು ನಂಬರು. ಬೇರೆ ನಂಬರಿನಿಂದ ಹೊಕ್ಕರೆ ಅದು ಬರಿಯ ಭಾರ. ಡ್ರಾಯರಿನಲ್ಲಿರುವ ಸಿಮ್ ಮುಖ್ಯವಾಗುವುದು ಇಲ್ಲಿ.

ಟ್ರಾಯ್ ನಿಯಮದ ಪ್ರಕಾರ ಪ್ರಿಪೇಯ್ಡ್ ಸಿಮ್ 90 ದಿನ ಯಾವ ಬಳಕೆಯೂ ಇಲ್ಲದೆ ಬಿದ್ದಿದ್ದರೆ, ಖಾತೆಯಲ್ಲಿ ಕನಿಷ್ಠ 20 ರೂಪಾಯಿಯೂ ಇಲ್ಲದಿದ್ದರೆ, ಕಂಪನಿ ಅದನ್ನು ನಿಲ್ಲಿಸಬಹುದು. ಮುಂದೆ ಆ ನಂಬರು ಬೇರೆಯವರಿಗೆ ಹೋಗುತ್ತದೆ. ಅವರು ವಾಟ್ಸ್‌ಆ್ಯಪ್ ಹಾಕಿಕೊಂಡ ದಿನ ನಿಮ್ಮ ಫೋನಿನಲ್ಲಿ ಖಾತೆ ಹೊರಬೀಳುತ್ತದೆ. ಇದರ ಜೊತೆಗೆ 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ಇಂಥ ಆ್ಯಪ್‌ಗಳು ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ನಡೆಯಬೇಕು ಎಂಬ ಆದೇಶವನ್ನೂ ಹೊರಡಿಸಿತು. ಡ್ರಾಯರಿನ ಸಿಮ್ಮಿಗೆ ಒಳ್ಳೆಯ ದಿನಗಳಿಲ್ಲ.

ಇಲ್ಲಿ ಪುಣೆಯಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ಗದಗ ಕಡೆಯವನು, ಚಾಕಣದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಅವನ ಹಳೆಯ ಫೋನಿನಲ್ಲಿ ಲಿನಿಯೇಜ್‌ಓಎಸ್ ಇತ್ತು, ಗೂಗಲ್ ಇರಲಿಲ್ಲ. ಕಳೆದ ವರ್ಷ ಅದರ ಬ್ಯಾಟರಿ ಉಬ್ಬಿ ಹಿಂಬದಿ ಮುಚ್ಚಳ ಎದ್ದಿತು. ಇನ್ನೊಂದು ಫೋನು ಸಿಕ್ಕಿತು, ಅದಕ್ಕೂ ಲಿನಿಯೇಜ್ ಹಾಕಿದ್ದಾಯಿತು. ಒಂಬತ್ತು ವರ್ಷದ ಚಾಟ್ ಸಾಗಿಸಬೇಕಿತ್ತು. ಅದರಲ್ಲಿ ಅವನಿಗೆ ಬೇಕಿದ್ದುದು ಮುಖ್ಯವಾಗಿ ಒಂದೇ, ಅವನ ಅವ್ವನ ಜೊತೆಗಿನದು. ಅವರಿಗೆ ಬರೆಯಲು ಬಾರದು, ಎಲ್ಲವೂ ಧ್ವನಿ ಸಂದೇಶ. ಇವನ ಉತ್ತರಗಳು ಮಾತ್ರ ಬರಹದಲ್ಲಿ, ತಂಗಿ ಓದಿ ಹೇಳುತ್ತಿದ್ದಳಂತೆ. ಎರಡೂ ಒಟ್ಟಿಗಿದ್ದರೆ ಮಾತ್ರ ಅದು ಸಂಭಾಷಣೆ.

“ನಂಬರ್ ಗದಗಿಂದು. ಸಿಮ್ ಐತಿ, ಆದ್ರ ರೀಚಾರ್ಜ್ ಮಾಡ್ಸಿ ಭಾಳ ದಿನ ಆತು” ಅಂದ.

“ಭಾಳ ದಿನ ಅಂದ್ರ ಎಷ್ಟು?”

“ದೀಪಾವಳಿಗೆ ಊರಿಗೆ ಹೋದಾಗ ಹಾಕ್ಸಿದ್ದೆ.”

ಲೆಕ್ಕ ಹಾಕಿದರೆ ಪ್ಲಾನ್ ಮುಗಿದು ಎರಡು ತಿಂಗಳ ಮೇಲಾಗಿತ್ತು. ಸಿಮ್ ಹಾಕಿ ನೋಡಿದರೆ ನೆಟ್‌ವರ್ಕ್ ಇನ್ನೂ ಹಿಡಿಯುತ್ತಿತ್ತು, ಎಸ್‌ಎಂಎಸ್ ಬರುತ್ತಿರಲಿಲ್ಲ. ರೀಚಾರ್ಜ್ ಮಾಡಿ ಕಾದ ಮೇಲೆ ಬಂತು. ಇನ್ನೊಂದು ತಿಂಗಳು ತಡವಾಗಿದ್ದರೆ ಈ ದಾರಿ ಮುಚ್ಚಿರುತ್ತಿತ್ತೇನೋ.

ಆಗಲೂ ಒಂದು ದಾರಿ ಇರುತ್ತಿತ್ತು, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಹಳೆಯ ಫೋನು ಬದುಕಿದ್ದು, ಅದರಲ್ಲಿ ವಾಟ್ಸ್‌ಆ್ಯಪ್ ಇನ್ನೂ ತೆರೆದಿದ್ದರೆ, Settings ಒಳಗೆ Account, ಅದರಲ್ಲಿ Change number ಇದೆ. ಅಲ್ಲಿ ಹಳೆಯ ನಂಬರನ್ನು ಬರೆಯಬೇಕಷ್ಟೆ, ಅದಕ್ಕೆ ಒಟಿಪಿ ಬರುವುದಿಲ್ಲ. ಒಟಿಪಿ ಬರುವುದು ಹೊಸ ನಂಬರಿಗೆ. ಖಾತೆ, ಚಾಟ್, ಗುಂಪುಗಳು ಎಲ್ಲ ಹೊಸ ನಂಬರಿಗೆ ದಾಟುತ್ತವೆ. ದಾಟಿದ ಕೂಡಲೇ ಹೊಸದಾಗಿ ಬ್ಯಾಕಪ್ ಮಾಡಬೇಕು. ಹಿಂದಿನ ರಾತ್ರಿಯ ಬ್ಯಾಕಪ್ ಹಳೆಯ ನಂಬರಿಗೆ ಸೇರಿದ್ದು. ಊರಿನ ನಂಬರು ಉಳಿಸಿಕೊಳ್ಳುವ ಇರಾದೆ ಇಲ್ಲದವರು ಈ ಕೆಲಸವನ್ನು ಫೋನ್ ಚೆನ್ನಾಗಿರುವಾಗಲೇ, ಇವತ್ತೇ ಮಾಡಿಕೊಳ್ಳುವುದು ಒಳ್ಳೆಯದು. ಫೋನ್ ಕೆಟ್ಟ ಮೇಲೆ ಇದು ಆಗದು.

ಗೆಳೆಯನ ಫೋನಿಗೆ ಬರುತ್ತೇನೆ. ಮೊದಲು ಹಳೆಯದರಲ್ಲಿ Settings, Chats, Chat backup ಒಳಗೆ ಹೋಗಿ ಕೈಯಾರೆ ಒಂದು ಬ್ಯಾಕಪ್ ಮಾಡಿದೆವು. ರಾತ್ರಿ 2ರ ನಕಲಿನ ಮೇಲೆ ಭಾರ ಹಾಕಿದರೆ ಅವತ್ತಿನ ಹಗಲಿನ ಮಾತುಗಳು ತಪ್ಪಿಹೋಗುತ್ತವೆ. ಆಮೇಲೆ ಫೋಲ್ಡರ್ ತೆರೆದು ಫೈಲಿನ ಹೊತ್ತು ಮತ್ತು ಗಾತ್ರ ನೋಡಿದೆವು. ಸುಮಾರು 400 ಎಂಬಿ. ಒಂಬತ್ತು ವರ್ಷದ ಬರಹಕ್ಕೆ ಅದು ನಂಬುವಂಥ ಗಾತ್ರ. ಕೆಲವೇ ನೂರು ಕೆಬಿ ಇದ್ದರೆ ಅದು ಬಹುತೇಕ ಖಾಲಿ ಡೇಟಾಬೇಸ್ ಎಂದರ್ಥ, ಅಲ್ಲಿಗೇ ನಿಂತು ತಾರೀಖಿರುವ ಹಿಂದಿನ ಫೈಲುಗಳ ಗಾತ್ರ ನೋಡಬೇಕು. ಮೀಡಿಯಾ ಸೇರಿ ಒಟ್ಟು 11 ಜಿಬಿ ಇತ್ತು.

ಯುಎಸ್‌ಬಿ ಕೇಬಲ್ ಹಾಕಿ, ಫೋನಿನಲ್ಲಿ ಫೈಲ್ ಟ್ರಾನ್ಸ್‌ಫರ್ ಆರಿಸಿ, `WhatsApp` ಫೋಲ್ಡರನ್ನು ಹಾಗೇ ಲ್ಯಾಪ್‌ಟಾಪಿಗೆ ಎಳೆದು ಹಾಕಿದರೆ ಸಾಕು. ಸಾವಿರಾರು ಸಣ್ಣ ಫೈಲುಗಳಿದ್ದಾಗ ಅದು ನಡುವೆ ಮುಗ್ಗರಿಸುವುದುಂಟು. ಯುಎಸ್‌ಬಿ ಡೀಬಗ್ಗಿಂಗ್ ಬಲ್ಲವರು ಈ ಸಾಲನ್ನು ಬಳಸಬಹುದು:

```
adb pull /sdcard/Android/media/com.whatsapp/WhatsApp
```

ಹೊಸ ಫೋನಿನಲ್ಲಿ ಆ್ಯಪ್ ಹಾಕಿ, ನಂಬರು ಕೊಡುವ ಮೊದಲೇ ಈ ಫೋಲ್ಡರನ್ನು ಅದೇ ಜಾಗದಲ್ಲಿ ಇಡಬೇಕು:

```
adb shell mkdir -p /sdcard/Android/media/com.whatsapp
adb push WhatsApp /sdcard/Android/media/com.whatsapp/
```

ಈ ಕ್ರಮ ತಪ್ಪಬಾರದು. ವಾಟ್ಸ್‌ಆ್ಯಪ್ ಬ್ಯಾಕಪ್ ಹುಡುಕುವುದು ಒಟಿಪಿ ಕೊಟ್ಟ ಕೂಡಲೇ, ಒಂದೇ ಸಲ. ಆಗ ಸಿಕ್ಕದಿದ್ದರೆ ಹೊಸ ಖಾತೆಯಂತೆ ಮುಂದೆ ಹೋಗುತ್ತದೆ. ಆಮೇಲೆ ಫೈಲು ತಂದಿಟ್ಟರೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ನಮಗೂ ಮೊದಲ ಸಲ ಸಿಗಲಿಲ್ಲ. ಗೆಳೆಯ ಮೌಸ್ ಹಿಡಿದು ಎಳೆದು ಹಾಕಿದ್ದ ಫೋಲ್ಡರು ಒಂದು ಮೆಟ್ಟಿಲು ಒಳಗೆ ಹೋಗಿ, `WhatsApp/WhatsApp/Databases` ಆಗಿ ಕೂತಿತ್ತು. ತೆರೆಯ ಮೇಲೆ ಅದೇನೂ ಗೊತ್ತಾಗುವುದಿಲ್ಲ. ಬ್ಯಾಕಪ್ ಸಿಕ್ಕಿತು ಎಂದು ಹೇಳಬೇಕಾದ ಪುಟದ ಬದಲು ನಿಮ್ಮ ಹೆಸರು ಬರೆಯಿರಿ ಎಂಬ ಪುಟ ಬಂತು, ಅಷ್ಟೆ. ಫೈಲುಗಳನ್ನು ನೋಡುವ ಅನುಮತಿ ಕೇಳಿದಾಗ ಬೇಡ ಎಂದು ಒತ್ತಿದ್ದರೂ ಹೀಗೇ ಆಗುತ್ತದೆ. ಹೆಸರು ಕೇಳುವ ಪುಟ ಬಂದರೆ ಮುಂದೆ ಹೋಗಬೇಡಿ. ಅಲ್ಲಿಗೇ ಆ್ಯಪ್ ಅಳಿಸಿ, ಮತ್ತೆ ಹಾಕಿ, ಲ್ಯಾಪ್‌ಟಾಪಿನಲ್ಲಿರುವ ನಕಲನ್ನು ಹೊಸದಾಗಿ ಸರಿಯಾದ ಜಾಗದಲ್ಲಿಟ್ಟು ನಂಬರು ಕೊಡಿ. ಅಳಿಸುವಾಗ ಆ್ಯಪ್‌ಗೆ ಸೇರಿದ ಆ ಫೋಲ್ಡರೂ ಹೋಗಬಹುದು. ಅದಕ್ಕೇ ನಕಲು ಫೋನಿನ ಹೊರಗೆ ಇರಲೇಬೇಕು ಎನ್ನುವುದು. ಮೇಲಿಂದ ಮೇಲೆ ಒಟಿಪಿ ಕೇಳಿದರೆ ವಾಟ್ಸ್‌ಆ್ಯಪ್ ಕಾಯಿಸುತ್ತದೆ. ನಮ್ಮನ್ನೂ ಕಾಯಿಸಿತು. ಚಹಾ ಕುಡಿದು ಬಂದೆವು.

ಎರಡನೆಯ ಸಲ Restore ಎಂಬ ಗುಂಡಿ ಬಂತು. ಮೊದಲು ಬರಹ ಬಂತು. ಮೀಡಿಯಾ ಆಗಲೇ ತನ್ನ ಜಾಗದಲ್ಲಿ ಇದ್ದುದರಿಂದ ಅವ್ವನ ಚಾಟ್ ತೆರೆದು ಮೇಲೆ ಹೋಗಿ ಒತ್ತಿದಾಗ ಹಳೆಯ ಧ್ವನಿಯೂ ಕೇಳಿತು. ಮೀಡಿಯಾ ತಂದಿರದಿದ್ದರೆ ಚಾಟ್‌ನಲ್ಲಿ ಅದರ ಗುರುತು ಮಾತ್ರ ಇರುತ್ತಿತ್ತು, ಒತ್ತಿದರೆ ಫೈಲಿಲ್ಲ ಎನ್ನುತ್ತಿತ್ತು.

ಇದನ್ನೇ ಅವಸರದಲ್ಲಿ ಮಾಡಿ, ಹೆಸರು ಬರೆದು ಒಳಗೆ ಹೋಗಿ, ಇರಲಿ ಮುಂದೆ ನೋಡೋಣ ಎಂದು ಬಿಟ್ಟವರ ಗತಿ ಏನು? ಅವತ್ತಿನ ರಾತ್ರಿ 2 ಗಂಟೆಗೆ ಖಾಲಿ ಖಾತೆಯ ಬ್ಯಾಕಪ್ ಆಗುತ್ತದೆ. ಅದೇ ಹೊಸ `msgstore` ಆಗಿ ಕೂರುತ್ತದೆ. ಹಳೆಯದು ತಾರೀಖು ಹೊತ್ತು ಹಿಂದೆ ಸರಿಯುತ್ತದೆ. ದಿನಕ್ಕೊಂದು ಸರಿದು, ವಾರ ಕಳೆದ ಮೇಲೆ ಹಳೆಯದೆಲ್ಲ ಉದುರಿಹೋಗಿ ಉಳಿಯುವುದು ಖಾಲಿ ನಕಲುಗಳೇ. ಆ ವಾರದೊಳಗಾದರೆ ದಾರಿ ಇದೆ. ತಾರೀಖಿರುವ, ದೊಡ್ಡ ಗಾತ್ರದ ಫೈಲನ್ನು ಹೊರಗೆ ನಕಲಿಸಿಟ್ಟುಕೊಂಡು, ಅದರ ಹೆಸರನ್ನು `msgstore.db.crypt14` ಎಂದು ಬದಲಿಸಿ ಮೇಲೆ ಹೇಳಿದ ಕ್ರಮದಲ್ಲೇ ತರಬಹುದು. ಕೊನೆಯ ಸಂಖ್ಯೆ 14 ಇದ್ದರೆ 14ನ್ನೇ, 15 ಇದ್ದರೆ 15ನ್ನೇ ಉಳಿಸಬೇಕು. ಅದು ಬೀಗದ ಬಗೆ, ಹೆಸರು ಬದಲಿಸಿದರೆ ಬೀಗ ಬದಲಾಗದು.

ಗೂಗಲ್ ಇರುವ ಫೋನಿನಿಂದ ಇಲ್ಲದ ಫೋನಿಗೆ ಬರುವವರಿಗೆ ಒಂದು ಮಾತು. ಡ್ರೈವ್‌ನಲ್ಲಿ ಬ್ಯಾಕಪ್ ಇದೆಯಲ್ಲ, ಲ್ಯಾಪ್‌ಟಾಪಿನಲ್ಲಿ ಡ್ರೈವ್ ತೆರೆದು ಇಳಿಸಿಕೊಂಡರಾಯಿತು ಎಂದು ಎಣಿಸಬೇಡಿ. ಅದು ಅಲ್ಲಿ ಇಳಿಸಿಕೊಳ್ಳುವ ಫೈಲಾಗಿ ಕಾಣುವುದೇ ಇಲ್ಲ. ಆ್ಯಪ್‌ಗೆ ಮಾತ್ರ ತೆರೆಯುವ ಮರೆಯ ಜಾಗ ಅದು. ಹಾಗಾಗಿ ಹಳೆಯ ಫೋನ್ ಮಾರುವ, ಫಾರ್ಮ್ಯಾಟ್ ಮಾಡುವ ಮೊದಲೇ ಮೇಲೆ ಹೇಳಿದ ಫೋಲ್ಡರ್ ನಿಮ್ಮ ಕೈಗೆ ಬಂದಿರಬೇಕು. ಎರಡೂ ಫೋನ್ ಕೈಯಲ್ಲಿದ್ದರೆ Chats ಒಳಗಿನ Transfer chats ಅನ್ನೂ ನೋಡಬಹುದು. ಕ್ಯೂಆರ್ ಕೋಡ್ ತೋರಿಸಿ ಒಂದರಿಂದ ಇನ್ನೊಂದಕ್ಕೆ ನೇರವಾಗಿ ಸಾಗಿಸುವ ಈ ಸೌಲಭ್ಯ 2023ರಲ್ಲಿ ಬಂತು. ನಡುವೆ ಡ್ರೈವ್ ಬರುವುದಿಲ್ಲ. ಆದರೆ ಅದು ಸಾಗಾಟ ಮಾತ್ರ, ಬ್ಯಾಕಪ್ ಅಲ್ಲ. ಫೋನ್ ಕಳುವಾದ ದಿನ ಅದರಿಂದ ಏನೂ ಸಿಗದು.

Export chat ಅನ್ನು ಬ್ಯಾಕಪ್ ಎಂದುಕೊಂಡವರೂ ಇದ್ದಾರೆ. ಅದು ಒಂದು ಚಾಟ್ ಅನ್ನು ಓದಬಹುದಾದ ಪಠ್ಯವಾಗಿ ಕೊಡುತ್ತದೆ. ಮೀಡಿಯಾ ಸಹಿತ ಇತ್ತೀಚಿನ 10,000 ಸಂದೇಶ, ಮೀಡಿಯಾ ಬಿಟ್ಟರೆ 40,000, ಅಲ್ಲಿಗೆ ಮಿತಿ. ಅದನ್ನು ವಾಟ್ಸ್‌ಆ್ಯಪ್‌ಗೆ ಮರಳಿ ಹಾಕಲಾಗದು. ಆದರೂ ಬೀಗವಿಲ್ಲದ, ಯಾವ ನಂಬರನ್ನೂ ಕೇಳದ ಪ್ರತಿ ಅದೊಂದೇ. ತೀರ ಬೇಕಾದ ಒಂದೆರಡು ಚಾಟ್‌ಗಳಿಗೆ ಮಾಡಿಡಿ ಎಂದೇ ನಾನು ಹೇಳುವುದು.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ. ಗೂಗಲ್ ಇಲ್ಲದವರು ಬ್ಯಾಕಪ್ ವಿಷಯದಲ್ಲಿ ಬಡವರು ಎಂದು ನಾನು ಒಪ್ಪುವುದಿಲ್ಲ. ಅವರಿಗೆ ಇಲ್ಲದಿರುವುದು ಮರೆತು ಕೂರುವ ಸೌಕರ್ಯ. ಡ್ರೈವ್‌ನವರ ಬ್ಯಾಕಪ್ ತನ್ನಷ್ಟಕ್ಕೆ ಫೋನಿನ ಹೊರಗೆ ಹೋಗುತ್ತದೆ, ಇವರದು ಫೋನಿನೊಳಗೇ ಉಳಿಯುತ್ತದೆ. ಬಸ್ಸಿನಲ್ಲಿ ಫೋನ್ ಹೋದರೆ ಬ್ಯಾಕಪ್ಪೂ ಅದರೊಂದಿಗೇ ಹೋಗುತ್ತದೆ. ಆ ಕೊರತೆ ನಿಜ. ಅದನ್ನು ತಿಂಗಳಿಗೊಮ್ಮೆ ಕೇಬಲ್ ಹಾಕಿ ತುಂಬಿಕೊಳ್ಳಬಹುದು. ಆದರೆ ನಂಬರಿನ ಮೇಲಿನ ಅವಲಂಬನೆ ಇಬ್ಬರಿಗೂ ಒಂದೇ. ಡ್ರೈವ್‌ನಲ್ಲಿರುವ ಬ್ಯಾಕಪ್ ಮರಳಿ ಬರಲೂ ಅದೇ ನಂಬರು, ಮೇಲೆ ಅದೇ ಗೂಗಲ್ ಖಾತೆಯೂ ಬೇಕು.

ಈ ಅವಲಂಬನೆಯನ್ನು ಸಡಿಲಿಸುವ ಒಂದು ಆಯ್ಕೆಯನ್ನು ವಾಟ್ಸ್‌ಆ್ಯಪ್ 2021ರಲ್ಲಿ ಕೊಟ್ಟಿತು. Chat backup ಪುಟದಲ್ಲಿ End-to-end encrypted backup ಎಂದಿರುತ್ತದೆ. ಅದರಲ್ಲಿ ಮೊದಲಿನಿಂದಲೂ ಇರುವ ಬಗೆಗಳು ಎರಡು. ಪಾಸ್‌ವರ್ಡ್ ಇಟ್ಟರೆ ನಿಜವಾದ ಬೀಗದ ಕೈ ಅವರ ಸರ್ವರಿನ ಭದ್ರ ಪೆಟ್ಟಿಗೆಯಲ್ಲೇ ಇರುತ್ತದೆ, ನಿಮ್ಮ ಪಾಸ್‌ವರ್ಡ್ ಆ ಪೆಟ್ಟಿಗೆಯನ್ನು ತೆರೆಯುತ್ತದೆ. ಇನ್ನೊಂದು, 64 ಅಕ್ಷರದ ಕೀ. ಅದು ನಿಮ್ಮ ಬಳಿ ಮಾತ್ರ ಇರುತ್ತದೆ. ಕಳೆದುಕೊಂಡರೆ ವಾಟ್ಸ್‌ಆ್ಯಪ್‌ನವರೂ ಏನೂ ಮಾಡಲಾರರು. ನಿಮ್ಮ ಫೋನಿನಲ್ಲಿ ಈ ಆಯ್ಕೆ ಕಾಣಿಸಿದರೆ 64 ಅಕ್ಷರದ್ದನ್ನೇ ಆರಿಸಿ ಎಂದು ನಾನು ಹೇಳುತ್ತೇನೆ. ಆಗ ಫೋನಿನೊಳಗಿನ ನಕಲೂ `crypt15` ಆಗುತ್ತದೆ, ಆ ಕೀಯಿಂದಲೇ ಬೀಗ ಬೀಳುತ್ತದೆ. ಮುಂದೆ ನಂಬರು ಹೋದರೂ, ಫೈಲು ಮತ್ತು ಕೀ ಎರಡೂ ಇದ್ದರೆ, wa-crypt-tools ಎಂಬ ಮುಕ್ತ ತಂತ್ರಾಂಶದಿಂದ ಲ್ಯಾಪ್‌ಟಾಪಿನಲ್ಲೇ ಅದನ್ನು ಬಿಚ್ಚಬಹುದು. KEY ಇರುವಲ್ಲಿ ನಿಮ್ಮ 64 ಅಕ್ಷರ:

```
wadecrypt KEY msgstore.db.crypt15 msgstore.db
```

ಹೊರಬರುವುದು ಸಾಮಾನ್ಯ ಎಸ್‌ಕ್ಯುಎಲೈಟ್ ಡೇಟಾಬೇಸ್. ವಾಟ್ಸ್‌ಆ್ಯಪ್‌ನಷ್ಟು ಅಂದವಾಗಿ ಕಾಣದು, ಆದರೆ ಓದಬಹುದು. ನಿಮ್ಮ ಬ್ಯಾಕಪ್ ನಿಜಕ್ಕೂ ತೆರೆಯುತ್ತದೆಯೇ ಎಂದು ಫೋನ್ ಮುಟ್ಟದೆ ಪರೀಕ್ಷಿಸುವ ಉಪಾಯವೂ ಇದೇ. ಕೀಯ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿಡುವುದು ಮಾತ್ರ ಬೇಡ. ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಕಾಗದದಲ್ಲಿ ಬರೆದು ಪ್ಯಾನ್ ಕಾರ್ಡ್, ಮಾರ್ಕ್ಸ್‌ಕಾರ್ಡ್ ಇರುವ ಫೈಲಿನಲ್ಲಿಡಿ. ಬರೆದದ್ದನ್ನು ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ. ನನ್ನದನ್ನು ಹೆಂಡತಿ ಓದಿದಳು, 6 ಎಂದು ನಾನು ಬರೆದದ್ದು ಅವಳಿಗೆ b ಎಂದು ಕಂಡಿತು.

ಸಿಗ್ನಲ್ ಆ್ಯಪ್ ಎಷ್ಟೋ ವರ್ಷಗಳಿಂದ ಇದನ್ನೇ ಸರಳವಾಗಿ ಮಾಡಿಕೊಂಡು ಬಂದಿದೆ. ನೀವು ಆರಿಸಿದ ಫೋಲ್ಡರಿನಲ್ಲಿ ಮೀಡಿಯಾ ಸಹಿತ ಒಂದೇ ಫೈಲು, ಅದಕ್ಕೆ 30 ಅಂಕಿಯ ಗುಪ್ತಪದ. ಗೂಗಲ್‌ನ ಹಂಗಿಲ್ಲ. ಟೆಲಿಗ್ರಾಂ ಬೇರೆ ದಾರಿಯದು. ಗುಪ್ತ ಚಾಟ್ ಬಿಟ್ಟರೆ ಎಲ್ಲವೂ ಅವರ ಸರ್ವರಿನಲ್ಲೇ ಇರುತ್ತದೆ, ಹಾಗಾಗಿ ಬ್ಯಾಕಪ್ ಎಂಬ ಪ್ರಶ್ನೆ ಏಳುವುದಿಲ್ಲ, ಗೋಪ್ಯತೆಯ ಪ್ರಶ್ನೆ ಏಳುತ್ತದೆ. ನಮ್ಮ ಬಳಗ ಇರುವುದು ವಾಟ್ಸ್‌ಆ್ಯಪ್‌ನಲ್ಲಿ, ಅವ್ವನಿಗೆ ಸಿಗ್ನಲ್ ಹಾಕಿಕೋ ಎನ್ನಲಾದೀತೆ?

ವಾಟ್ಸ್‌ಆ್ಯಪ್‌ನಿಂದ ನಾನು ಬಯಸುವುದು ದೊಡ್ಡದೇನಲ್ಲ. ಬ್ಯಾಕಪ್ ಪುಟದಲ್ಲಿ ಗೂಗಲ್ ಖಾತೆ ಎಂಬುದರ ಕೆಳಗೆ ಇನ್ನೊಂದು ಸಾಲು: ಫೋಲ್ಡರ್ ಆರಿಸಿ. ಅದು ಮೆಮೊರಿ ಕಾರ್ಡ್ ಇರಬಹುದು, ಮನೆಯ ಕಂಪ್ಯೂಟರ್ ಇರಬಹುದು, ನಾವು ದುಡ್ಡು ಕೊಟ್ಟು ಕೊಂಡ ಬೇರೆ ಕ್ಲೌಡ್ ಇರಬಹುದು. ಬೀಗ ಹಾಕಿದ ಫೈಲು ಹೇಗೂ ತಯಾರಾಗಿದೆ, ಇಡುವ ಜಾಗವನ್ನು ನಮಗೆ ಬಿಟ್ಟುಕೊಡುವುದಷ್ಟೇ ಬಾಕಿ. ಅದು ಬರುವ ತನಕ ಕೇಬಲ್ಲೇ ಗತಿ. ಗದಗಿನ ಗೆಳೆಯ ಈಗ ಸಂಬಳ ಬಂದ ವಾರ ಫೋನನ್ನು ಲ್ಯಾಪ್‌ಟಾಪಿಗೆ ಹಚ್ಚುತ್ತಾನೆ. ಊರಿನ ಸಿಮ್ ಹೊಸ ಫೋನಿನ ಎರಡನೆಯ ಗೂಡಿನಲ್ಲಿದೆ, ಅದರ ರೀಚಾರ್ಜ್ ತಾರೀಖು ಅವನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ.